ಕೇಳುವ ಪರದೆ, ಒತ್ತುವ ಬೆರಳು

2011ರ ಆಗಸ್ಟ್‌ನಲ್ಲಿ ಲಾಸ್ ವೇಗಾಸ್‌ನಲ್ಲಿ ನಡೆದ ಡೆಫ್‌ಕಾನ್ ಹ್ಯಾಕರ್ ಸಮಾವೇಶದಲ್ಲಿ ಉಚಿತ ಮೊಬೈಲ್ ಚಾರ್ಜಿಂಗ್ ಕಟ್ಟೆಯೊಂದನ್ನು ಇಟ್ಟಿದ್ದರು. ಫೋನ್ ಸಿಕ್ಕಿಸಿದ ಕೂಡಲೇ ಕಟ್ಟೆಯ ಪರದೆ ಕೆಂಪಾಗಿ, ಗೊತ್ತಿಲ್ಲದ ಕಡೆ ಹೀಗೆ ಚಾರ್ಜ್ ಮಾಡಬೇಡಿ ಎಂಬ ಎಚ್ಚರಿಕೆ ಮೂಡುತ್ತಿತ್ತು. ಸಿಕ್ಕಿಸಿದವರು 360ಕ್ಕೂ ಹೆಚ್ಚು ಮಂದಿ, ಅದೂ ಸುರಕ್ಷತೆಯೇ ಕಸುಬಾದವರ ಜಾತ್ರೆಯಲ್ಲಿ! ಈ ಪ್ರಯೋಗದ ಬಗ್ಗೆ ಬರೆದ ಪತ್ರಕರ್ತ ಬ್ರಯಾನ್ ಕ್ರೆಬ್ಸ್, ಚಾರ್ಜಿಂಗ್ ನೆಪದಲ್ಲಿ ಮಾಹಿತಿ ಕದಿಯುವುದಕ್ಕೆ 'ಜ್ಯೂಸ್ ಜಾಕಿಂಗ್' ಎಂದು ಹೆಸರಿಟ್ಟರು.

ತೊಂದರೆಯ ಮೂಲ ಯುಎಸ್‌ಬಿ ತಂತಿಯಲ್ಲೇ ಇದೆ. ಕರೆಂಟು ಬರುವ ದಾರಿಯ ಪಕ್ಕದಲ್ಲೇ ಮಾಹಿತಿ ಓಡಾಡುವ ದಾರಿಯೂ ಇದೆ. ಗೋಡೆಯ ಹಿಂದೆ ಇರುವುದು ಬರೀ ಚಾರ್ಜರೋ, ಪುಟ್ಟ ಕಂಪ್ಯೂಟರೋ ಹೊರಗಿನಿಂದ ತಿಳಿಯುವುದಿಲ್ಲ. 2013ರಲ್ಲಿ ಜಾರ್ಜಿಯಾ ಟೆಕ್‌ನ ಸಂಶೋಧಕರು ಅಂಥದೇ ಒಂದು ಹುಸಿ ಚಾರ್ಜರ್ ಕಟ್ಟಿ, ಒಂದು ನಿಮಿಷದೊಳಗೆ ಐಫೋನಿಗೆ ಕಳ್ಳ ಆ್ಯಪ್ ಸೇರಿಸಿ ತೋರಿಸಿದರು. ಉತ್ತರವಾಗಿ ಆ್ಯಪಲ್ ಐಒಎಸ್ 7ರಲ್ಲಿ 'Trust This Computer?' ಎಂಬ ಪ್ರಶ್ನೆ ತಂದಿತು. 2015ರ ಆಂಡ್ರಾಯ್ಡ್ 6, ತಂತಿ ಸಿಕ್ಕಿಸಿದರೆ ಚಾರ್ಜ್ ಮಾತ್ರ ಎಂಬುದನ್ನೇ ವಾಡಿಕೆಯಾಗಿಸಿತು. ಕಡತ ಬೇಕಾದರೆ ಫೋನಿನ ಒಡೆಯ ಒಪ್ಪಬೇಕು.

ಬರೀ ಒಪ್ಪಿಗೆ ಕೇಳಿದರೆ ಸಾಲದು ಎಂಬ ಪಾಠವನ್ನು ಬ್ಲೂಟೂತ್ ಮೊದಲೇ ಕಲಿಸಿತ್ತು. 2004ರಲ್ಲಿ ಕಾಣಿಸಿಕೊಂಡ ಕ್ಯಾಬಿರ್ ಎಂಬ ಹುಳು ಸಿಂಬಿಯನ್ ಫೋನುಗಳಿಂದ ಹತ್ತಿರದ ಫೋನುಗಳಿಗೆ ಹಾರುತ್ತಿತ್ತು. ಅದೂ ಒಪ್ಪಿಗೆ ಕೇಳಿಯೇ ಬರುತ್ತಿತ್ತು. ಬೇಡ ಎಂದರೆ ಮತ್ತೆ ಕೇಳುತ್ತಿತ್ತು. ಹುಳು ಹತ್ತಿದ ಫೋನಿನಿಂದ ದೂರ ಸರಿಯುವವರೆಗೂ ಕಾಟ ತಪ್ಪುತ್ತಿರಲಿಲ್ಲ. ಬೇಸತ್ತು 'ಹೂಂ' ಎಂದವರ ಫೋನಿಗೆ ಹುಳು ಹತ್ತಿತು.

ಆದರೂ ಯುಎಸ್‌ಬಿಯಲ್ಲಿ ಹತ್ತು ವರ್ಷ ರಕ್ಷಣೆಯ ಭಾರವೆಲ್ಲ ಒಪ್ಪಿಗೆಯ ಆ ಒಂದು ಪ್ರಶ್ನೆಯ ಮೇಲಿತ್ತು. ಅಮೆರಿಕದ ಎಫ್‌ಬಿಐ 2023ರಲ್ಲಿ ವಿಮಾನ ನಿಲ್ದಾಣಗಳ ಉಚಿತ ಚಾರ್ಜಿಂಗ್ ಬೇಡವೆಂದಿತು. ನಮ್ಮ ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ವಂಚನೆ ಕುರಿತ ಪುಸ್ತಿಕೆಯಲ್ಲೂ ಜ್ಯೂಸ್ ಜಾಕಿಂಗ್ ಇದೆ. ಆದರೆ ಹೀಗೆ ನಿಜಕ್ಕೂ ಮೋಸಹೋದವರ ದೃಢಪಟ್ಟ ಪ್ರಕರಣ ತನ್ನ ಗಮನಕ್ಕೆ ಬಂದಿಲ್ಲ ಎಂದು ಅಮೆರಿಕದ ದೂರಸಂಪರ್ಕ ಆಯೋಗವೇ ಹೇಳಿದೆ. ಹಾಗಾಗಿ ಇದನ್ನು ಹುಲಿ ಬಂತು ಹುಲಿ ಎನ್ನುವ ಕಥೆಯೆಂದೇ ನಾನು ಬಹುಕಾಲ ಎಣಿಸಿದ್ದೆ.

2025ರಲ್ಲಿ ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದವರು ಪ್ರಕಟಿಸಿದ 'ಚಾಯ್ಸ್‌ಜಾಕಿಂಗ್' ಆ ಎಣಿಕೆಯನ್ನು ಸ್ವಲ್ಪ ಅಲುಗಿಸಿತು. ಫೋನಿಗೆ ಜೋಡಿಸಿದ ವಸ್ತು ಕಂಪ್ಯೂಟರ್ ಆಗಿರಬಹುದು, ಇಲ್ಲವೇ ಕೀಬೋರ್ಡ್ ಆಗಿರಬಹುದು. ಏಕಕಾಲಕ್ಕೆ ಎರಡೂ ಆಗದು, ಆದ್ದರಿಂದ ಪ್ರಶ್ನೆ ಎಬ್ಬಿಸಿದವನೇ ಉತ್ತರ ಒತ್ತಲಾರ ಎಂಬ ನಂಬಿಕೆಯ ಮೇಲೆ ಹಳೆಯ ರಕ್ಷಣೆ ನಿಂತಿತ್ತು. ಇವರ ಚಾರ್ಜರ್ ಮೊದಲು ಕೀಬೋರ್ಡಿನ ವೇಷ ಹಾಕಿ, ತೆರೆದಿರುವ ಫೋನಿನಲ್ಲಿ ತಾನೇ ಕೀಲಿ ಒತ್ತುತ್ತಾ ಬ್ಲೂಟೂತ್ ಆನ್ ಮಾಡುತ್ತದೆ. ತನ್ನ ಹೊಟ್ಟೆಯಲ್ಲಿ ಅಡಗಿರುವ ಇನ್ನೊಂದು ಬ್ಲೂಟೂತ್ ಕೀಬೋರ್ಡನ್ನು ಫೋನಿಗೆ ಜೋಡಿಸುತ್ತದೆ, ಜೋಡಣೆಗೆ ಒಪ್ಪಿಗೆಯನ್ನೂ ತಾನೇ ಕೊಡುತ್ತದೆ. ಆಮೇಲೆ ತಂತಿಯಲ್ಲಿ ಪಾತ್ರ ಬದಲಿಸಿ ಕಂಪ್ಯೂಟರ್ ಆಗುತ್ತದೆ. ಫೋನ್ ಕಡತ ಕೊಡಲೇ ಎಂದು ಕೇಳುತ್ತದೆ. ಬ್ಲೂಟೂತ್ ಕೀಬೋರ್ಡ್ 'ಹೂಂ' ಒತ್ತುತ್ತದೆ. ಕಳ್ಳನೇ ಸಾಕ್ಷಿಯನ್ನೂ ಜೊತೆಗೆ ಕರೆತಂದ ಹಾಗೆ.

ಸಂಶೋಧಕರು ಮೊದಲೇ ತಿಳಿಸಿದ್ದರಿಂದ ಆ್ಯಪಲ್ ಐಒಎಸ್ 18.4ರಲ್ಲಿ, ಗೂಗಲ್ ಆಂಡ್ರಾಯ್ಡ್ 15ರಲ್ಲಿ ಬರೀ ಒಪ್ಪಿಗೆ ಸಾಲದು, ಪಿನ್ ಅಥವಾ ಬೆರಳಚ್ಚು ಬೇಕು ಎಂದು ಮಾಡಿದವು. ಆದರೆ ಉಳಿದ ಕಂಪನಿಗಳು ಆಂಡ್ರಾಯ್ಡನ್ನು ತಮ್ಮಂತೆ ತಿದ್ದಿಕೊಳ್ಳುವುದರಿಂದ ಈ ಬದಲಾವಣೆ ಎಲ್ಲ ಫೋನಿಗೂ ಒಟ್ಟಿಗೆ ತಲುಪುವುದಿಲ್ಲ. ಅಪ್‌ಡೇಟ್ ನಿಂತುಹೋದ ಹಳೆಯ ಫೋನಿಗಂತೂ ಬರುವುದೇ ಇಲ್ಲ.

ಅಂಥ ಫೋನ್ ಹಿಡಿದು ಪ್ರಯಾಣ ಮಾಡುವವರಿಗೆ ಎಲ್ಲಕ್ಕಿಂತ ಸುಲಭದ ದಾರಿ, ರೈಲಿನಲ್ಲೋ ಲಾಡ್ಜ್‌ನಲ್ಲೋ ಯುಎಸ್‌ಬಿ ತೂತು ಬಿಟ್ಟು ಪಿನ್ ಸಾಕೆಟ್ಟಿಗೆ ಸ್ವಂತ ಅಡಾಪ್ಟರ್ ಹಾಕುವುದು. ಗೋಡೆಯ ಸಾಕೆಟ್ಟಿನಿಂದ ಬರುವುದು ಬರೀ ಕರೆಂಟು. ಬಸ್ಸಿನಲ್ಲಿ ಯುಎಸ್‌ಬಿ ಮಾತ್ರ ಇದ್ದರೆ ಪವರ್ ಬ್ಯಾಂಕ್ ತುಂಬಿಸಿಕೊಂಡು, ಬಳಿಕ ಅದರಿಂದ ಫೋನಿಗೆ ಹಾಕಿಕೊಳ್ಳಬಹುದು. ಮಾಹಿತಿಯ ದಾರಿ ಕತ್ತರಿಸಿದ ಚಾರ್ಜ್‌-ಮಾತ್ರ ಕೇಬಲ್ಲೂ ಸಿಗುತ್ತದೆ. ಅದರಲ್ಲಿ ಚಾರ್ಜ್ ನಿಧಾನವಾಗಬಹುದು. ಏನೂ ಇಲ್ಲದೆ ಸಿಕ್ಕಿಸಲೇಬೇಕಾದರೆ ಪರದೆ ಲಾಕ್ ಮಾಡಿ, ಚಾರ್ಜ್ ಆಗುವಾಗ ರೀಲ್ಸ್ ನೋಡುತ್ತಾ ಕೂರಬೇಡಿ. ಗ್ರಾಜ್‌ನವರ ದಾಳಿಗೆ ಹೆಚ್ಚಿನ ಫೋನುಗಳಲ್ಲಿ ಪರದೆ ತೆರೆದಿರಬೇಕಿತ್ತು. ಕೈ ಸೋಕದೆ ಸೆಟ್ಟಿಂಗ್ಸ್ ಪುಟ ಮಿಂಚಿ ಮರೆಯಾದರೆ ಅಥವಾ ಚಾರ್ಜರಿನಲ್ಲಿರುವಾಗ ಕಡತಕ್ಕೆ ಅನುಮತಿ ಕೇಳಿದರೆ ತಂತಿ ಕಿತ್ತುಬಿಡಿ.

ಬ್ಲೂಟೂತ್‌ನಲ್ಲೂ ಕೇಳದೆ ನುಗ್ಗುವ ದಾರಿ ಸಿಕ್ಕಿದ್ದುಂಟು. 2023ರ ಕೊನೆಯಲ್ಲಿ ಮಾರ್ಕ್ ನ್ಯೂಲಿನ್ ಎಂಬ ಸಂಶೋಧಕ, ಬಳಕೆದಾರ ಒಪ್ಪದೆಯೇ ಆಂಡ್ರಾಯ್ಡ್‌ಗೆ ಹುಸಿ ಕೀಬೋರ್ಡ್ ಜೋಡಿಸಬಹುದೆಂದು ತೋರಿಸಿದರು. ಅದಕ್ಕೆ ಫೋನಿನ ಬ್ಲೂಟೂತ್ ಆನ್ ಇದ್ದರೆ ಸಾಕಾಗಿತ್ತು. ಆ ವರ್ಷದ ಡಿಸೆಂಬರ್ ಅಪ್‌ಡೇಟ್ ಇಲ್ಲದ ಫೋನಿನಲ್ಲಿ ಇಯರ್‌ಫೋನ್ ತೆಗೆದ ಮೇಲೆ ಬ್ಲೂಟೂತ್ ಆರಿಸುವುದೊಂದೇ ಉಪಾಯ. ಜೋಡಣೆಯಾದ ಸಾಧನಗಳ ಪಟ್ಟಿಯನ್ನು ಆಗಾಗ ತೆರೆದು ನೋಡಿ. ನಿಮ್ಮದಲ್ಲದ ಕೀಬೋರ್ಡ್ ಅಲ್ಲಿದ್ದರೆ ಅಳಿಸಿ. ಬಾಡಿಗೆ ಕಾರಿನಲ್ಲಿ ಹಾಡು ಕೇಳಲು ಫೋನ್ ಜೋಡಿಸಿದ್ದರೆ, ಇಳಿಯುವ ಮುನ್ನ ಕಾರಿನ ಪರದೆಯಿಂದಲೂ ನಿಮ್ಮ ಫೋನಿನ ಹೆಸರು ತೆಗೆಯಬೇಕು. ಇಲ್ಲವಾದರೆ, ಕಾಂಟ್ಯಾಕ್ಟ್ಸ್‌ಗೆ ಅಂದು ಅನುಮತಿ ಕೊಟ್ಟಿದ್ದರೆ ನಿಮ್ಮ ಅತ್ತೆ, ಮಾವ, ಮ್ಯಾನೇಜರ್ ಎಲ್ಲರ ನಂಬರೂ ಆ ಕಾರಿನಲ್ಲೇ ಉಳಿದಿರಬಹುದು.