‘Multiply’ ಒತ್ತಿದರೆ ಚಿತ್ರದ ಬಿಳಿ ಹಿನ್ನೆಲೆ ನಿಜವಾಗಿಯೂ ಅಳಿಸಿಹೋಗುತ್ತದೆಯೇ?

ಕಾಗದದ ಮೇಲೆ ಬಿಡಿಸಿದ ಚಿತ್ರವನ್ನು ಸ್ಕ್ಯಾನ್ ಮಾಡಿ ಬಣ್ಣದ ಹಿನ್ನೆಲೆಯ ಮೇಲೆ ಇಟ್ಟರೆ ಸುತ್ತ ಬಿಳಿ ಚೌಕ ಉಳಿಯುತ್ತದೆ. ಅದನ್ನು ಕತ್ತರಿಸಬೇಕಿಲ್ಲ, Multiply ಒತ್ತಿದರೆ ಸಾಕು, ಬಿಳಿ ಅಳಿಸಿಹೋಗುತ್ತದೆ ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಸಲಹೆ ಉಪಯುಕ್ತವೇ. ಆದರೆ ‘ಅಳಿಸಿಹೋಗುತ್ತದೆ’ ಎಂಬ ಮಾತು ತಪ್ಪು. ಆ ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ಆಮಂತ್ರಣ ಪತ್ರಿಕೆಗಳಲ್ಲಿ ಚಿತ್ರದ ಸುತ್ತ ಮಸುಕಾದ ಚೌಕ ಅಚ್ಚಾಗುತ್ತದೆ.

ಹಾಗಾದರೆ ಬಿಳಿ ಎಲ್ಲಿ ಹೋಗುತ್ತದೆ?

ಎಲ್ಲಿಗೂ ಹೋಗುವುದಿಲ್ಲ. Multiply ಎಂದರೆ ಗುಣಿಸು. ಕಂಪ್ಯೂಟರ್‌ ಅಥವಾ ಫೋನ್‌ಗೆ ಕಪ್ಪು ಎಂದರೆ 0, ಪೂರ್ತಿ ಬಿಳಿ ಎಂದರೆ 255. ಈ ಲೆಕ್ಕದಲ್ಲಿ 255 ಅನ್ನು 1 ಎಂದು ಹಿಡಿದು, ಮೇಲಿನ ಚಿತ್ರದ ಪ್ರತಿ ಚುಕ್ಕಿಯನ್ನು ಅದರ ಕೆಳಗಿನ ಬಣ್ಣದೊಂದಿಗೆ ಗುಣಿಸಲಾಗುತ್ತದೆ. ಒಂದರಿಂದ ಗುಣಿಸಿದರೆ ಸಂಖ್ಯೆ ಬದಲಾಗದು, ಹಾಗಾಗಿ ಬಿಳಿ ಇರುವಲ್ಲಿ ಕೆಳಗಿನ ಬಣ್ಣವೇ ಕಾಣುತ್ತದೆ. ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಹಾಗಾಗಿ ಕಪ್ಪು ಗೆರೆ ಕಪ್ಪಾಗಿಯೇ ಉಳಿಯುತ್ತದೆ.

ಗೆರೆಯ ಅಂಚಿನಲ್ಲಿರುವ ಬೂದು ಚುಕ್ಕಿಗಳು ತಮ್ಮ ಗಾಢತೆಗೆ ತಕ್ಕಷ್ಟು ಮಾತ್ರ ಕೆಳಗಿನ ಬಣ್ಣವನ್ನು ಕಪ್ಪಾಗಿಸುತ್ತವೆ. ಬಿಳಿ ಭಾಗವನ್ನು ಸೆಲೆಕ್ಟ್ ಮಾಡಿ ಡಿಲೀಟ್ ಮಾಡಿದಾಗ ಗೆರೆಗಳ ಸುತ್ತ ಉಳಿಯುವ ಬಿಳಿ ಅಂಚು ಇಲ್ಲಿ ಕಾಣದಿರಲು ಇದೇ ಕಾರಣ.

ಮಸುಕಾದ ಚೌಕ ಬರುವುದು ಏಕೆ?

ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುವ ಕಾಗದ ಸ್ಕ್ಯಾನ್‌ನಲ್ಲಿ 255 ಇರುವುದು ಅಪರೂಪ. ಒಂದು ಉದಾಹರಣೆ ನೋಡೋಣ. ಗೃಹಪ್ರವೇಶದ ಆಮಂತ್ರಣಕ್ಕೆ ಕಪ್ಪು ಪೆನ್ನಿನಲ್ಲಿ ದೀಪವೊಂದನ್ನು ಬಿಡಿಸಿದ್ದೀರಿ. ಆಮಂತ್ರಣದ ಹಿನ್ನೆಲೆ ತಿಳಿ ಹಳದಿ, ಅದರ ಕೆಂಪು, ಹಸಿರು, ನೀಲಿ ಅಂಕಿಗಳು 255, 220, 120. ಸ್ಕ್ಯಾನ್‌ನಲ್ಲಿ ಕಾಗದದ ಅಂಕಿ 230, ಅಂದರೆ ಸುಮಾರು 0.9. ಗುಣಿಸಿದಾಗ ಹಳದಿ 230, 198, 108 ಆಗುತ್ತದೆ. ದೀಪದ ಸುತ್ತ ಕಾಗದದ ಅಳತೆಯ ಕೊಳಕು ಹಳದಿ ಚೌಕ ಮೂಡುವುದು ಹೀಗೆ. ಫೋನ್‌ನ ಸಣ್ಣ ಪರದೆಯಲ್ಲಿ ಗಮನಕ್ಕೆ ಬಾರದ ಈ ಚೌಕ, ಕಾರ್ಡ್‌ಗಳು ಅಚ್ಚಾದ ಮೇಲೆ ಕಾಣಿಸುತ್ತದೆ.

ಸರಿಯಾಗಿ ಮಾಡುವುದು ಹೇಗೆ?

ಫೋಟೋಶಾಪ್, ಗಿಂಪ್, ಕ್ರಿಟಾ, ಫೋನ್‌ನಲ್ಲಾದರೆ ಐಬಿಸ್ ಪೇಂಟ್, ಎಲ್ಲದರಲ್ಲೂ ಕ್ರಮ ಒಂದೇ.

1. ಹಿನ್ನೆಲೆಯ ಬಣ್ಣವನ್ನು ಕೆಳಗಿನ ಲೇಯರ್‌ನಲ್ಲಿ, ಸ್ಕ್ಯಾನ್ ಮಾಡಿದ ಚಿತ್ರವನ್ನು ಮೇಲಿನ ಲೇಯರ್‌ನಲ್ಲಿ ಇಡಿ.
2. ಮೇಲಿನ ಲೇಯರ್‌ನ Normal ಎಂಬುದನ್ನು Multiply ಎಂದು ಬದಲಿಸಿ.
3. ಅದೇ ಲೇಯರ್‌ಗೆ Levels ತೆರೆಯಿರಿ. ಬಲತುದಿಯ ಬಿಳಿ ಗುರುತನ್ನು 255ರಿಂದ ಎಡಕ್ಕೆ, ಕಾಗದದ ಅಂಕಿಗಿಂತ ಸ್ವಲ್ಪ ಕೆಳಗೆ ತನ್ನಿ. ನಮ್ಮ ಉದಾಹರಣೆಯಲ್ಲಿ 220 ಸಾಕು. ಆಗ 220 ಮತ್ತು ಅದಕ್ಕಿಂತ ತಿಳಿಯಾದ ಎಲ್ಲವೂ 255 ಆಗಿ, ಚೌಕ ಮಾಯವಾಗುತ್ತದೆ.
4. ಚಿತ್ರದ ಲೇಯರ್‌ ಪಕ್ಕದ ಕಣ್ಣಿನ ಗುರುತನ್ನು ಒತ್ತಿ, ಅದನ್ನು ಮರೆಮಾಡಿ ಮತ್ತೆ ತೋರಿಸಿ. ಗೆರೆಗಳಿಲ್ಲದ ಮೂಲೆಯಲ್ಲಿ ಬಣ್ಣ ಸ್ವಲ್ಪವೂ ಬದಲಾಗದಿದ್ದರೆ ಕೆಲಸ ಸರಿಯಾಗಿದೆ.

ಗುರುತನ್ನು ಬೇಕಾಬಿಟ್ಟಿ ಎಳೆಯಬೇಡಿ. 180ಕ್ಕೆ ಎಳೆದರೆ 190ರಷ್ಟು ತಿಳಿಯಾದ ಪೆನ್ಸಿಲ್ ಗೆರೆಯೂ ಕಾಗದದ ಜೊತೆ ಮಾಯವಾಗುತ್ತದೆ. ಫೋನ್‌ನಲ್ಲಿ ತೆಗೆದ ಫೋಟೊದಲ್ಲಿ ಒಂದು ಮೂಲೆಗೆ ಕೈಯ ನೆರಳು ಬಿದ್ದಿದ್ದರೆ ಇದೇ ತೊಂದರೆ: ನೆರಳು ಹೋಗುವಷ್ಟು ಎಳೆದರೆ ತೆಳು ಗೆರೆಗಳೂ ಹೋಗುತ್ತವೆ. ಕಿಟಕಿಯ ಬೆಳಕಿನಲ್ಲಿ, ನೆರಳು ಬೀಳದಂತೆ ಇನ್ನೊಮ್ಮೆ ಫೋಟೊ ತೆಗೆಯುವುದೇ ಲೇಸು.

ಎಲ್ಲಿ ಕೆಲಸ ಮಾಡುವುದಿಲ್ಲ?

ಗುಣಿಸುವುದರಿಂದ ಬಣ್ಣ ಗಾಢವಾಗಬಹುದು, ತಿಳಿಯಾಗಲಾರದು. ಕಡು ಮರೂನ್ ಹಿನ್ನೆಲೆಯ ಮೇಲೆ ಕಪ್ಪು ಗೆರೆಗಳು ಕಾಣುವುದೇ ಇಲ್ಲ. ಅಲ್ಲಿ ಚಿತ್ರವನ್ನು Invert ಮಾಡಿ, Multiply ಬದಲು Screen ಆಯ್ಕೆ ಮಾಡಿದರೆ ಬಿಳಿ ಗೆರೆಗಳ ದೀಪ ಸಿಗುತ್ತದೆ. ಇನ್ನು ಚಿತ್ರದೊಳಗೆ ಬಿಳಿಯಾಗಿಯೇ ಇರಬೇಕಾದ ಭಾಗ, ಉದಾಹರಣೆಗೆ ಮುಖದ ಕಣ್ಣು ಅಥವಾ ಮಲ್ಲಿಗೆ ಹೂವು, ಹಿನ್ನೆಲೆಯ ಬಣ್ಣ ಪಡೆಯುತ್ತದೆ. ಎರಡರ ನಡುವೆ ಇನ್ನೊಂದು ಲೇಯರ್ ಇಟ್ಟು ಅಲ್ಲಿ ಬಿಳಿ ತುಂಬಬೇಕು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಕೊನೆಯ ಹೆಜ್ಜೆಯಲ್ಲಿ. ಬಿಳಿ ಅಳಿಸಿಹೋಗಿದೆ ಎಂದುಕೊಂಡು ದೀಪದ ಲೇಯರನ್ನಷ್ಟೇ ಪಿಎನ್‌ಜಿ ಮಾಡಿ ಪ್ರಿಂಟಿಂಗ್ ಅಂಗಡಿಗೆ ವಾಟ್ಸ್‌ಆ್ಯಪ್ ಮಾಡುತ್ತಾರೆ. ಅಲ್ಲಿ ತೆರೆದಾಗ ಬಿಳಿ ಕಾಗದ ಹಾಗೇ ಇರುತ್ತದೆ. ಕಳುಹಿಸಬೇಕಾದದ್ದು ಹಿನ್ನೆಲೆಯೂ ಸೇರಿದ ಪೂರ್ತಿ ವಿನ್ಯಾಸ.

ನಮ್ಮ ತೀರ್ಪು: ಭಾಗಶಃ ನಿಜ. Multiply ಬಿಳಿಯನ್ನು ಕಾಣದಂತೆ ಮಾಡುತ್ತದೆ, ಅಳಿಸುವುದಿಲ್ಲ. ಅದೂ ಕಾಗದ ಪೂರ್ತಿ ಬಿಳಿಯಾಗಿದ್ದು, ಕೆಳಗಿನ ಬಣ್ಣ ತಿಳಿಯಾಗಿದ್ದಾಗ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ.