ಎರಡನೇ ತೂಕದ ಚರಿತ್ರೆ

ಆಮ್ಲ ಒಂದು ಲೋಹವನ್ನು ಎಷ್ಟು ಬೇಗ ತಿನ್ನುತ್ತದೆ ಎಂದು ತಿಳಿಯುವ ಅತಿ ಹಳೆಯ ವಿಧಾನ ಇವತ್ತಿಗೂ ಕೈಬಿಟ್ಟುಹೋಗಿಲ್ಲ. ಲೋಹದ ಚಿಕ್ಕದೊಂದು ಪಟ್ಟಿಯನ್ನು ತೂಗಿ, ಗೊತ್ತಾದಷ್ಟು ಹೊತ್ತು ಆಮ್ಲದಲ್ಲಿ ಇಳಿಬಿಟ್ಟು, ತೆಗೆದು ಮತ್ತೆ ತೂಗುವುದು. ಪ್ರಯೋಗಾಲಯದಲ್ಲಿ ಆ ಪಟ್ಟಿಯ ಹೆಸರು ಕೂಪನ್. ಮೊದಲನೇ ತೂಕದಲ್ಲಿ ತಕರಾರಿಲ್ಲ. ಎರಡನೆಯದಕ್ಕೆ ಮುಂಚೆ ಕೂಪನ್‌ಗೆ ಅಂಟಿದ ಕಪ್ಪು, ಕಿಲುಬು, ಪದರ ಎಲ್ಲ ಹೋಗಬೇಕು, ಕೆಳಗಿನ ಒಳ್ಳೆಯ ಲೋಹ ಮಾತ್ರ ಒಂದಿಷ್ಟೂ ಹೋಗಬಾರದು. ಇದು ಪೂರ್ತಿಯಾಗಿ ಸಾಧ್ಯವಿಲ್ಲ ಎಂದು ಒಪ್ಪಿಕೊಂಡು, ಹೋದದ್ದರ ಲೆಕ್ಕ ಇಡುವುದನ್ನು ಕಲಿತದ್ದೇ ಈ ಕ್ಷೇತ್ರದ ನಿಜವಾದ ಬೆಳವಣಿಗೆ ಎಂದು ನನ್ನ ಎಣಿಕೆ.

ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾಲೆಟ್ 1838ರಿಂದ 1843ರವರೆಗೆ ಬ್ರಿಟಿಷ್ ಅಸೋಸಿಯೇಷನ್‌ಗೆ ಕೊಟ್ಟ ವರದಿಗಳಲ್ಲಿ ಕಬ್ಬಿಣದ ತುಂಡುಗಳನ್ನು ಸಮುದ್ರದ ನೀರಿನಲ್ಲೂ ನದಿಯ ನೀರಿನಲ್ಲೂ ಮುಳುಗಿಸಿಟ್ಟ ಪರೀಕ್ಷೆಗಳ ವಿವರವಿದೆ. ಅವನು ಆರಿಸಿಕೊಂಡ ಎರಕದ ಕಬ್ಬಿಣವೇ ಈ ವಿಧಾನದ ಮೊದಲ ಮೋಸಗಾರ. ಅದರೊಳಗಿನ ಕಬ್ಬಿಣ ಕರಗಿಹೋದ ಮೇಲೂ ಗ್ರ್ಯಾಫೈಟ್ ಹಾಗೇ ನಿಂತಿರುತ್ತದೆ, ತುಂಡಿನ ಆಕಾರ ಕೆಡುವುದಿಲ್ಲ. ಆ ಮೆತ್ತನೆಯ ಪದರವನ್ನು ಕೆರೆದು ತೆಗೆಯದೆ ತೂಗಿದರೆ ನಷ್ಟ ಕಡಿಮೆ ಕಾಣುತ್ತದೆ.

ಆಮ್ಲದ ಕಡೆಗೆ ಗಮನ ತಿರುಗಿದ್ದು ಉಕ್ಕಿನ ಕಾರ್ಖಾನೆಗಳಿಂದ. ಬಿಸಿಯಾಗಿ ಉರುಳಿಸಿದ ತಗಡಿನ ಮೇಲಿನ ಆಕ್ಸೈಡ್ ಪದರವನ್ನು ತೆಗೆಯಲು ಅದನ್ನು ಆಮ್ಲದ ತೊಟ್ಟಿಗೆ ಇಳಿಸುತ್ತಾರೆ; ಈ ಕೆಲಸಕ್ಕೆ ಪಿಕ್ಲಿಂಗ್ ಎನ್ನುತ್ತಾರೆ. ಆಕ್ಸೈಡ್ ಹೋದ ಮೇಲೆ ಆಮ್ಲ ಉಕ್ಕನ್ನೇ ತಿನ್ನತೊಡಗುತ್ತದೆ. ಅದನ್ನು ತಡೆಯಲು ತೊಟ್ಟಿಗೆ ಕಾಕಂಬಿ ಮತ್ತು ಎಣ್ಣೆಗಳನ್ನು ಸೇರಿಸುವ ಉಪಾಯಕ್ಕೆ 1895ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಆಯಿತು. ಇಂಥ ಪ್ರತಿಬಂಧಕಗಳಲ್ಲಿ ಯಾವುದು ಎಷ್ಟು ಕೆಲಸ ಮಾಡುತ್ತದೆ ಎಂದು ಹೋಲಿಸುವಾಗ ಕೂಪನ್‌ನ ತೂಕ ವ್ಯಾಪಾರದ ಪ್ರಶ್ನೆಯಾಯಿತು. 1932ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಡೌ ಕೆಮಿಕಲ್ ಮತ್ತು ಪ್ಯೂರ್ ಆಯಿಲ್ ಕಂಪನಿಗಳು ಎಣ್ಣೆ ಬಾವಿಗೆ ಹೈಡ್ರೋಕ್ಲೋರಿಕ್ ಆಮ್ಲ ಇಳಿಸಿದಾಗ, ಬಾವಿಯ ಕೊಳವೆ ಕರಗದಿರಲೆಂದು ಅದರಲ್ಲಿ ಆರ್ಸೆನಿಕ್ ಬೆರೆಸಿದ್ದರು.

ನಾಲ್ಕು ವರ್ಷ ಕಳೆದು, 1936ರಲ್ಲಿ, ಎಸ್. ಜಿ. ಕ್ಲಾರ್ಕ್ ಇದೇ ತತ್ವವನ್ನು ಕೂಪನ್ ತೊಳೆಯುವುದಕ್ಕೆ ತಿರುಗಿಸಿದರು. ಆರ್ಸೆನಿಕ್ಕಿನ ಸಂಬಂಧಿಯಾದ ಆಂಟಿಮನಿ ಕೂಡ ಉಕ್ಕಿನ ಮೇಲೆ ಹೈಡ್ರೋಜನ್ ಹುಟ್ಟುವುದನ್ನು ಅಡ್ಡಗಟ್ಟುತ್ತದೆ. ಹಾಗಾಗಿ ಆಂಟಿಮನಿ ಇರುವ ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ, ಉಕ್ಕನ್ನು ಹೆಚ್ಚುಕಡಿಮೆ ಬಿಟ್ಟುಬಿಡುತ್ತದೆ. ಕ್ಲಾರ್ಕ್ ದ್ರಾವಣ ಎಂದು ಈಗಲೂ ಕರೆಸಿಕೊಳ್ಳುವ ಇದರ ಪಾಕ ಸರಳ: ಒಂದು ಲೀಟರ್ ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲಕ್ಕೆ 20 ಗ್ರಾಂ ಆಂಟಿಮನಿ ಟ್ರೈಆಕ್ಸೈಡ್, 50 ಗ್ರಾಂ ಸ್ಟ್ಯಾನಸ್ ಕ್ಲೋರೈಡ್. ಕೋಣೆಯ ಉಷ್ಣತೆಯಲ್ಲಿ ಒಂದರಿಂದ 25 ನಿಮಿಷ ಸಾಕು. ದ್ರಾವಣವನ್ನು ಚೆನ್ನಾಗಿ ಕಲಕುತ್ತಿರಬೇಕು, ಇಲ್ಲವೇ ಕೂಪನ್ ಅನ್ನು ಬ್ರಷ್‌ನಿಂದ ಉಜ್ಜುತ್ತಿರಬೇಕು. ಸುಮ್ಮನೆ ಅದ್ದಿಟ್ಟರೆ ಆಂಟಿಮನಿಯೇ ಕಪ್ಪು ಮಸಿಯಾಗಿ ಉಕ್ಕಿನ ಮೇಲೆ ಕೂತು ತೂಕ ಏರಿಸುತ್ತದೆ. ಆಂಟಿಮನಿ ವಿಷವಾದ್ದರಿಂದ ಅನೇಕರು ಇನ್ನೊಂದು ಪಾಕಕ್ಕೆ ಹೋಗುತ್ತಾರೆ: 500 ಮಿಲಿ ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲಕ್ಕೆ 3.5 ಗ್ರಾಂ ಹೆಕ್ಸಮೀನ್ ಹಾಕಿ, ನೀರು ಸೇರಿಸಿ ಒಂದು ಲೀಟರ್ ಮಾಡಿಕೊಳ್ಳುವುದು. ಆಮ್ಲದ ಪೆಟ್ಟನ್ನು ಅಳೆಯಹೊರಟವರು ತೊಳೆಯುವುದಕ್ಕೂ ಆಮ್ಲವನ್ನೇ ಹಿಡಿಯುವುದು ಮೊದಲ ಬಾರಿಗೆ ನೋಡಿದವರಿಗೆ ವಿಚಿತ್ರವೆನಿಸುತ್ತದೆ.

ಅಷ್ಟಾದರೂ ತೊಳೆಯುವ ದ್ರಾವಣ ಲೋಹವನ್ನು ಸ್ವಲ್ಪ ತಿಂದೇ ತಿನ್ನುತ್ತದೆ. ಇದಕ್ಕೆ ಸಿಕ್ಕ ಉತ್ತರ ಮಾನಕ ವಿಧಾನಗಳಲ್ಲಿ ಸೇರಿಕೊಂಡಿದೆ. ಕೂಪನ್ ಸಿದ್ಧತೆ, ಶುಚಿ, ಲೆಕ್ಕ ಇವುಗಳಿಗೆಂದು ಅಮೆರಿಕದ ಎಎಸ್‌ಟಿಎಂ ಸಂಸ್ಥೆ 1967ರಲ್ಲಿ ಜಿ1 ಹೊರಡಿಸಿತು. ಮುಳುಗಿಸುವ ಪರೀಕ್ಷೆಗೆ 1972ರಲ್ಲಿ ಜಿ31 ಬಂತು. ಶುಚಿಯ ವಿಷಯಕ್ಕೇ ಮೀಸಲಾದ ಐಎಸ್‌ಒ 8407 ಬಂದದ್ದು 1991ರಲ್ಲಿ. ಇವುಗಳ ತಿರುಳು ಒಂದೇ: ಒಮ್ಮೆ ತೊಳೆದು ಬಿಡಬೇಡಿ. ತೊಳೆದು ತೂಗಿ, ಮತ್ತೆ ಅಷ್ಟೇ ಹೊತ್ತು ತೊಳೆದು ತೂಗಿ, ತೂಕ ಇಳಿಯುವ ಬಗೆಯನ್ನು ನೋಡಿ.

ಒಂದು ಉದಾಹರಣೆಯನ್ನು ಕೊನೆಯವರೆಗೆ ಲೆಕ್ಕ ಹಾಕೋಣ. ಅಂಕಿಗಳು ವಿವರಣೆಗಾಗಿ ಹೊಂದಿಸಿಕೊಂಡವು. 50 ಮಿ.ಮೀ. ಉದ್ದ, 25 ಅಗಲ, 3 ದಪ್ಪದ ಮೈಲ್ಡ್ ಸ್ಟೀಲ್ ಪಟ್ಟಿ. ನೇತುಹಾಕಲು 6 ಮಿ.ಮೀ. ತೂತು. ತೂತಿನಿಂದ ಎರಡು ಮುಖಗಳಲ್ಲಿ ಕಳೆದುಹೋದ ಮೇಲ್ಮೈಯೂ ತೂತಿನ ಒಳಗೋಡೆಯಿಂದ ಸೇರಿದ ಮೇಲ್ಮೈಯೂ ಇಲ್ಲಿ ಸರಿಸಮ, ಏಕೆಂದರೆ ತೂತಿನ ತ್ರಿಜ್ಯವೂ ಪಟ್ಟಿಯ ದಪ್ಪವೂ ಒಂದೇ. ಹಾಗಾಗಿ ಒಟ್ಟು ಮೇಲ್ಮೈ 29.5 ಚದರ ಸೆಂ.ಮೀ. ಕತ್ತರಿಸಿದ ಅಂಚುಗಳಲ್ಲಿ ಲೋಹ ನಜ್ಜಾಗಿ ಬೇಗ ಕರಗುವುದರಿಂದ ಅವನ್ನು ಅರದಿಂದ ತೆಗೆದು, ಎಲ್ಲ ಮುಖಗಳನ್ನೂ 120ನೇ ನಂಬರಿನ ಎಮರಿ ಕಾಗದದಲ್ಲಿ ಉಜ್ಜಿ, ಅಸಿಟೋನ್‌ನಲ್ಲಿ ಜಿಡ್ಡು ತೆಗೆದು, ಡೆಸಿಕೇಟರ್‌ನಲ್ಲಿಟ್ಟು ತೂಗಿದಾಗ 28.8142 ಗ್ರಾಂ.

ಇದನ್ನು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 24 ಗಂಟೆ ಇಳಿಬಿಡುತ್ತೇವೆ. ಆಮ್ಲ ಎಷ್ಟಿರಬೇಕು? ಪ್ರತಿ ಚದರ ಸೆಂ.ಮೀ.ಗೆ ಕನಿಷ್ಠ 20 ಮಿಲಿ ಎನ್ನುತ್ತದೆ ಜಿ31, ಅಂದರೆ ಇಲ್ಲಿ 590 ಮಿಲಿ. ಜಾಗವಿಲ್ಲವೆಂದು 100 ಮಿಲಿಯ ಬೀಕರ್‌ನಲ್ಲಿ ಮುಗಿಸುವವರುಂಟು. ಸುಮಾರು 0.9 ಗ್ರಾಂ ಕಬ್ಬಿಣ ಕರಗುವಾಗ 0.032 ಮೋಲ್ ಆಮ್ಲ ಖರ್ಚಾಗುತ್ತದೆ. ಅದು 590 ಮಿಲಿಯಲ್ಲಿ ಶೇ. 5ರ ಆಸುಪಾಸು, 100 ಮಿಲಿಯಲ್ಲಿ ಮೂರನೇ ಒಂದು ಪಾಲು. ಅಂಥ ಬೀಕರಿನಲ್ಲಿ ಸಂಜೆ ಇದ್ದ ಆಮ್ಲ ಬೆಳಿಗ್ಗೆ ಇರುವುದಿಲ್ಲ. ಜೊತೆಗೆ ನಾಲ್ಕು ನೂರು ಮಿಲಿಯಷ್ಟು ಹೈಡ್ರೋಜನ್ ಹೊರಬರುವುದರಿಂದ ಪಾತ್ರೆಯನ್ನು ಬಿಗಿಯಾಗಿ ಮುಚ್ಚುವಂತಿಲ್ಲ.

ಹೊರತೆಗೆದಾಗ ಕೂಪನ್ ಕಪ್ಪಗಿರುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಬ್ಬಿಣದ ಲವಣ ಕರಗಿಹೋಗುವುದರಿಂದ ಇದು ತುಕ್ಕಲ್ಲ, ಉಕ್ಕಿನ ಕಾರ್ಬೈಡ್ ಹಿಂದುಳಿದ ಮಸಿ. ಉಕ್ಕಿನಲ್ಲಿ ತಾಮ್ರದ ಅಂಶವಿದ್ದರೆ ಅದೂ ಕರಗಿ ಮತ್ತೆ ಮೇಲೆ ಕೂತಿರಬಹುದು. ಹರಿಯುವ ನೀರಿನಲ್ಲಿ ಮೆತ್ತನೆಯ ಬ್ರಷ್‌ನಿಂದ ಉಜ್ಜಿದರೆ ಬಹುಪಾಲು ಹೋಗುತ್ತದೆ. ತಂತಿಯ ಬ್ರಷ್ ಲೋಹವನ್ನೇ ಕೆರೆಯುವುದರಿಂದ ಅದು ಬೇಡ. ಆಮೇಲೆ ಕ್ಲಾರ್ಕ್ ದ್ರಾವಣದಲ್ಲಿ ಹತ್ತು ನಿಮಿಷ, ಡಿಸ್ಟಿಲ್ಡ್ ನೀರು, ಅಸಿಟೋನ್, ಬಿಸಿ ಗಾಳಿ, ಡೆಸಿಕೇಟರ್, ತೂಕ. ನೀರಿನಿಂದ ಅಸಿಟೋನ್‌ಗೆ ತಡವಾದರೆ ಕಣ್ಣೆದುರೇ ಕಂದು ಬಣ್ಣ ಹರಡುತ್ತದೆ. ಬಿಸಿ ಆರುವ ಮೊದಲೇ ತಕ್ಕಡಿಗೆ ಏರಿಸಿದರೆ ಮೇಲೇಳುವ ಗಾಳಿ ತೂಕವನ್ನು ಕಡಿಮೆ ತೋರಿಸುತ್ತದೆ.

ಐದು ಸಲ ತೊಳೆದಾಗ ತೂಕ ಹೀಗೆ ಬಂತೆನ್ನೋಣ: 27.9236, 27.9194, 27.9186, 27.9178, 27.9170. ಮೊದಲ ಸಲದಿಂದ ಎರಡನೆಯದಕ್ಕೆ 4.2 ಮಿಲಿಗ್ರಾಂ ಇಳಿದಿದೆ: ಮಸಿ ಇನ್ನೂ ಹೋಗುತ್ತಿತ್ತು. ಅಲ್ಲಿಂದ ಮುಂದೆ ಪ್ರತಿ ಸಲವೂ 0.8 ಮಿಲಿಗ್ರಾಂ: ಈಗ ಹೋಗುತ್ತಿರುವುದು ಬರಿಯ ಉಕ್ಕು. ಗ್ರಾಫ್ ಕಾಗದದ ಮೇಲೆ ಇಳಿಜಾರು ಕಡಿದಾಗಿದ್ದದ್ದು ಎರಡನೇ ಬಿಂದುವಿನಿಂದ ನೇರ ಗೆರೆಯಾಗುತ್ತದೆ. ಆ ನೇರ ಗೆರೆಯನ್ನು ತೊಳೆಯುವ ಮುಂಚಿನ ಸೊನ್ನೆಗೆ ಹಿಂದಕ್ಕೆ ಎಳೆದರೆ 27.9210. ಕೂಪನ್‌ನ ನಿಜವಾದ ಎರಡನೇ ತೂಕ ಇದೇ, ತಕ್ಕಡಿ ಎಂದೂ ತೋರಿಸದ ತೂಕ. ನಷ್ಟ 0.8932 ಗ್ರಾಂ. ಆಮ್ಲಕ್ಕೆ ಇಳಿಸದ ಹೊಸ ಕೂಪನ್ ಒಂದನ್ನು ಜೊತೆಯಲ್ಲೇ ತೊಳೆದು ತೂಗಿದರೆ ಅದೂ ಸಲಕ್ಕೆ 0.8ರ ಹತ್ತಿರ ಇಳಿಯಬೇಕು. ಇಳಿಯದಿದ್ದರೆ ಗೆರೆಯನ್ನು ನಂಬುವಂತಿಲ್ಲ.

ದರದ ಸೂತ್ರ:

CR = (8.76 × 10⁴ × W) / (A × T × D)

W ಗ್ರಾಂನಲ್ಲಿ ನಷ್ಟ, A ಚದರ ಸೆಂ.ಮೀ., T ಗಂಟೆ, D ಸಾಂದ್ರತೆ, ಇಲ್ಲಿ 7.86. ಉತ್ತರ ವರ್ಷಕ್ಕೆ 14.06 ಮಿ.ಮೀ.

ಇಷ್ಟು ದೊಡ್ಡ ನಷ್ಟದಲ್ಲಿ ಶುಚಿಯ ತಪ್ಪು ಮುಚ್ಚಿಹೋಗುತ್ತದೆ. ಹಿಂದಕ್ಕೆ ಎಳೆಯದೆ ಐದನೇ ತೂಕವನ್ನೇ ಹಿಡಿದರೂ ನಷ್ಟ 0.8972, ಅರ್ಧ ಶೇಕಡಾಕ್ಕಿಂತ ಕಡಿಮೆ ವ್ಯತ್ಯಾಸ. ತೊಂದರೆ ಎದುರಾಗುವುದು ಒಳ್ಳೆಯ ಪ್ರತಿಬಂಧಕ ಬೆರೆಸಿದ ಇನ್ನೊಂದು ಪಾತ್ರೆಯಲ್ಲಿ. ಅಲ್ಲಿನ ನಿಜವಾದ ನಷ್ಟ 0.0120 ಗ್ರಾಂ ಆಗಿದ್ದರೆ, ಅದೇ 4 ಮಿಲಿಗ್ರಾಂ ತಪ್ಪಿನಿಂದ ಅದು 0.0160 ಆಗುತ್ತದೆ, ದರ 0.19ರಿಂದ 0.25 ಮಿ.ಮೀ.ಗೆ, ಮೂರನೇ ಒಂದು ಪಾಲು ಏರುತ್ತದೆ. ಪ್ರತಿಬಂಧಕದ ಸಾಮರ್ಥ್ಯವನ್ನು ಶೇಕಡಾದಲ್ಲಿ ಬರೆದುಬಿಟ್ಟರೆ ಮಾತ್ರ ಇದು ಯಾರ ಕಣ್ಣಿಗೂ ಬೀಳುವುದಿಲ್ಲ: 98.7 ಇದ್ದದ್ದು 98.2 ಆಗುತ್ತದೆ, ಅಷ್ಟೇ. ಎಲೆಯ ರಸ, ಸಿಪ್ಪೆಯ ಕಷಾಯಗಳನ್ನು ಪ್ರತಿಬಂಧಕವಾಗಿ ಪರೀಕ್ಷಿಸುವ ಪ್ರಬಂಧಗಳು ನಮ್ಮ ವಿಶ್ವವಿದ್ಯಾಲಯಗಳಿಂದಲೂ ಬರುತ್ತಿವೆ. ಅವುಗಳಲ್ಲಿ ಶೇಕಡಾ ಅಂಕಿಯ ಜೊತೆ ತೊಳೆದ ಲೆಕ್ಕವನ್ನೂ ಹುಡುಕುವುದು ಒಳ್ಳೆಯದು.

ಅಳತೆಯ ಅವಧಿಗೂ ಇದೇ ಕಥೆ. ಗಂಟೆಗಳ ಸಂಖ್ಯೆ ಕನಿಷ್ಠ 50ನ್ನು ವಾರ್ಷಿಕ ಮಿಲಿಮೀಟರ್ ದರದಿಂದ ಭಾಗಿಸಿದಷ್ಟಿರಲಿ ಎಂಬ ಹೆಬ್ಬೆರಳಿನ ಲೆಕ್ಕವಿದೆ. ಬರಿಯ ಆಮ್ಲಕ್ಕೆ ನಾಲ್ಕು ಗಂಟೆ ಸಾಕು, ಪ್ರತಿಬಂಧಕವಿರುವುದಕ್ಕೆ ಸುಮಾರು 265 ಗಂಟೆ, ಹನ್ನೊಂದು ದಿನ. ಎರಡನ್ನೂ 24 ಗಂಟೆಗೇ ಹೊರತೆಗೆಯುವ ರೂಢಿ ಎರಡನೆಯದಕ್ಕೆ ಅನ್ಯಾಯ ಮಾಡುತ್ತದೆ.

ಇಷ್ಟು ಕಾಯುವುದೇಕೆಂದು 1957ರಲ್ಲಿ ಸ್ಟರ್ನ್ ಮತ್ತು ಗಿಯರಿ ವಿದ್ಯುತ್ತಿನ ದಾರಿ ತೋರಿಸಿದರು: ಲೋಹದ ವಿಭವವನ್ನು ಕೆಲವು ಮಿಲಿವೋಲ್ಟ್ ಕದಲಿಸಿ, ಹರಿಯುವ ಪ್ರವಾಹದಿಂದ ಆ ಕ್ಷಣದ ದರವನ್ನು ನಿಮಿಷಗಳಲ್ಲಿ ತಿಳಿಯಬಹುದು. ಆದರೆ ಪ್ರವಾಹವನ್ನು ದರವಾಗಿಸುವ ಸ್ಥಿರಾಂಕ ಸರಿಯಿದೆಯೇ ಎಂದು ನೋಡಲು ಕೊನೆಗೆ ತೂಕದ ಕೂಪನ್ ಬಳಿಗೇ ಬರಬೇಕು. ತಕ್ಕಡಿಗೆ ಮಿತಿ ಬೇರೆ: ಅದು ಇಡೀ ಅವಧಿಯ ಸರಾಸರಿಯನ್ನಷ್ಟೇ ಹೇಳುತ್ತದೆ. ಒಂದೇ ಕಡೆ ಆಳದ ಗುಳಿ ಬಿದ್ದಿದ್ದರೂ ತೂಕದಲ್ಲಿ ಅದು ಇಡೀ ಮೈಮೇಲೆ ಸಮನಾಗಿ ಹರಡಿದಂತೆಯೇ ಕಾಣುತ್ತದೆ. ಅದಕ್ಕೇ ತೊಳೆದ ಕೂಪನ್ ಅನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡದೆ ಎಸೆಯುವುದಿಲ್ಲ.

ಆ ಸರಾಸರಿಯನ್ನು ಬಿಡಿಸುವ ಜಾಣ ಉಪಾಯವೊಂದು 1947ರಲ್ಲಿ ವಾಕ್ಟರ್ ಮತ್ತು ಟ್ರೆಸೆಡರ್ ಅವರಿಂದ ಬಂತು. ನಮ್ಮ ಹನ್ನೊಂದು ದಿನಗಳಿಗೆ ಹೊಂದಿಸಿದರೆ ನಾಲ್ಕು ಕೂಪನ್ ಬೇಕು: ಮೊದಲ ದಿನ ಮಾತ್ರ ಇರುವುದು, ಹತ್ತು ದಿನ ಇರುವುದು, ಹನ್ನೊಂದೂ ದಿನ ಇರುವುದು, ಮತ್ತು ಹನ್ನೊಂದನೆಯ ದಿನಕ್ಕಷ್ಟೇ ಇಳಿಸುವ ಹೊಸದು. ಕೊನೆಯ ದಿನದ ಹೊಸ ಕೂಪನ್ ಮೊದಲ ದಿನದ್ದಕ್ಕಿಂತ ಹೆಚ್ಚು ಸವೆದಿದ್ದರೆ ದ್ರಾವಣ ಬದಲಾಗಿದೆ, ಬಹುಶಃ ಪ್ರತಿಬಂಧಕ ತೀರುತ್ತಿದೆ. ಹನ್ನೊಂದು ದಿನದ ನಷ್ಟದಲ್ಲಿ ಹತ್ತು ದಿನದ್ದನ್ನು ಕಳೆದಾಗ ಬರುವುದು ಹಳೆಯ ಮೇಲ್ಮೈ ಆ ಕೊನೆಯ ದಿನ ಸವೆದ ಪ್ರಮಾಣ. ಅದು ಹೊಸ ಕೂಪನ್‌ನದಕ್ಕಿಂತ ಕಡಿಮೆಯಿದ್ದರೆ ಲೋಹದ ಮೇಲೆ ಕಾಪಾಡುವ ಪದರ ಕಟ್ಟಿದೆ. ಈ ವ್ಯತ್ಯಾಸ ಹತ್ತಾರು ಮಿಲಿಗ್ರಾಂನಷ್ಟೇ ಇರುತ್ತದೆ, ಅದರಲ್ಲಿ ಎರಡು ಕೂಪನ್‌ಗಳ ಶುಚಿಯ ತಪ್ಪೂ ಸೇರಿಕೊಳ್ಳುತ್ತದೆ. ಒಂದನ್ನು ಎರಡು ಸಲ, ಇನ್ನೊಂದನ್ನು ಐದು ಸಲ ತೊಳೆದು, ಗೆರೆ ಎಳೆಯದೆ ಕಳೆದರೆ ಉತ್ತರ ಅದಲುಬದಲಾಗಿ, ಇಲ್ಲದ ಪದರವೊಂದು ವರದಿಯಲ್ಲಿ ಕಾಣಿಸಿಕೊಳ್ಳಬಹುದು.