ಸೈರನ್ ಕೂಗಿದಾಗ ತೊಟ್ಟ ದಿರಿಸು

ಜಯನಗರ 4ನೇ ಬ್ಲಾಕ್‌ನ ಬಟ್ಟೆ ಅಂಗಡಿಗಳ ಮುಂದೆ ಈಗ ಜಂಪ್‌ಸೂಟ್‌ಗಳೂ ಕೋ-ಆರ್ಡ್ ಸೆಟ್‌ಗಳೂ ತೂಗಾಡುತ್ತವೆ. ಬೆಳಿಗ್ಗೆ ಮೆಟ್ರೊ ಹಿಡಿಯುವ ಬನಶಂಕರಿ, ಬಿಟಿಎಂ ಬಡಾವಣೆಯ ಉದ್ಯೋಗಸ್ಥ ಮಹಿಳೆಗೆ 'ಯಾವುದಕ್ಕೆ ಯಾವುದು ಮ್ಯಾಚಿಂಗ್' ಎಂಬ ಚಿಂತೆ ಇವುಗಳಿಂದ ತಪ್ಪುತ್ತದೆ. ಆದರೆ ಈ ಎರಡೂ ಉಡುಪುಗಳ ಹುಟ್ಟು ಒಂದೇ ಅಲ್ಲ.

ಮೇಲಿನಿಂದ ಕೆಳಗಿನವರೆಗೆ ಒಂದೇ ಆಗಿರುವ ಜಂಪ್‌ಸೂಟ್ ಕೆಲಸಗಾರರ, ಪ್ಯಾರಾಚೂಟ್ ಧುಮುಕುವವರ ಉಡುಪಾಗಿತ್ತು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಥಾಯಾಟ್ ಎಂಬ ಕಲಾವಿದ ಅಂಥದೇ 'ತೂತಾ' ಎಂಬ ಸರಳ ದಿರಿಸನ್ನು ರೂಪಿಸಿದ. ಮನೆಯಲ್ಲೇ ಹೊಲಿದುಕೊಳ್ಳಲಿ ಎಂದು ಅದರ ಕತ್ತರಿಸುವ ನಕ್ಷೆಯನ್ನು 1920ರಲ್ಲಿ ಅಲ್ಲಿನ ದಿನಪತ್ರಿಕೆಯೊಂದು ಅಚ್ಚು ಹಾಕಿತು.

ಇದು ಅವಸರಕ್ಕೆ ಒದಗಿದ್ದು ಎರಡನೇ ಮಹಾಯುದ್ಧದ ಇಂಗ್ಲೆಂಡಿನಲ್ಲಿ. ರಾತ್ರಿ ಬಾಂಬ್ ದಾಳಿಯ ಸೈರನ್ ಕೂಗಿದೊಡನೆ ಹೆಂಗಸರು ರಾತ್ರಿಯುಡುಪಿನ ಮೇಲೆಯೇ ಇದನ್ನು ಏರಿಸಿ, ಜಿಪ್ ಎಳೆದು ಆಶ್ರಯತಾಣಕ್ಕೆ ಓಡುತ್ತಿದ್ದರು. ಹೆಸರೇ 'ಸೈರನ್ ಸೂಟ್'. ಪ್ರಧಾನಿ ಚರ್ಚಿಲ್ ಕೂಡ ಇದನ್ನು ತೊಡುತ್ತಿದ್ದರು. ತೊಡುವುದು ಸುಲಭ, ಶೌಚಕ್ಕೆ ಹೋದರೆ ಇಡೀ ಉಡುಪು ಕಳಚಬೇಕು! ಆ ಕಾರಣಕ್ಕೇ ಕೆಲವು ಸೂಟ್‌ಗಳ ಹಿಂಬದಿಯಲ್ಲಿ ಬಿಚ್ಚಿ ಇಳಿಸುವ ಪಟ್ಟಿ ಇರುತ್ತಿತ್ತು. ಇಂದಿನ ಜಂಪ್‌ಸೂಟ್‌ಗಳಲ್ಲಿ ಸಾಮಾನ್ಯವಾಗಿ ಆ ಪಟ್ಟಿ ಇಲ್ಲ, ತೊಂದರೆ ಮಾತ್ರ ಹಾಗೆಯೇ ಇದೆ.

ಇನ್ನೊಂದು ತೊಡಕು ಅಳತೆಯದು. ಎದೆ, ಸೊಂಟ ಸರಿಹೊಂದಿದರೂ ಜಂಪ್‌ಸೂಟ್ ತೊಡೆಸಂದಿಯಲ್ಲಿ ಎಳೆಯಬಹುದು. ಇಲ್ಲಿ ಮುಖ್ಯವಾದುದು ಮುಂಡದ ಉದ್ದ. ಭುಜದ ನಡುವಿನಿಂದ ಟೇಪನ್ನು ಮುಂದೆ ಇಳಿಸಿ, ಕಾಲುಗಳ ನಡುವೆ ಹಾಯಿಸಿ, ಬೆನ್ನ ಮೇಲಿಂದ ಅದೇ ಭುಜಕ್ಕೆ ತರಬೇಕು. ಆ ಸುತ್ತು 60 ಇಂಚು ಬಂದರೆ, ಹಿಗ್ಗದ ಹತ್ತಿ ಬಟ್ಟೆಯಲ್ಲಿ ಉಡುಪಿನ ಸುತ್ತು ಎರಡು ಮೂರು ಇಂಚಾದರೂ ಹೆಚ್ಚಿರಬೇಕು. ಅಂಗಡಿಯಲ್ಲಿ ಟೇಪ್ ಇಲ್ಲದಿದ್ದರೆ ತೊಟ್ಟು ಕುರ್ಚಿಯಲ್ಲಿ ಕೂತು ಎರಡೂ ಕೈ ಮೇಲೆತ್ತಿದರೆ ಸಾಕು. ಭುಜ ಕೆಳಕ್ಕೆ ಜಗ್ಗಿದರೆ ಅದು ಗಿಡ್ಡ. ಕಾಲಿನ ಉದ್ದವನ್ನು ದರ್ಜಿ ಸರಿಪಡಿಸಬಲ್ಲ. ಮುಂಡದ ಗಿಡ್ಡತನಕ್ಕೆ ಬೇರೆ ಬಟ್ಟೆ ಸೇರಿಸದೆ ದಾರಿಯಿಲ್ಲ.

ಕೋ-ಆರ್ಡ್ ಸೆಟ್ ಈ ಎರಡು ಕಷ್ಟಗಳನ್ನೂ ತಪ್ಪಿಸುತ್ತದೆ. ನೋಟಕ್ಕೆ ಒಂದೇ ಉಡುಪಾದರೂ ಅದು ಒಂದೇ ಬಟ್ಟೆಯ ಅಂಗಿ ಮತ್ತು ಪ್ಯಾಂಟು. ಬೆಂಗಳೂರಿಗೆ ಇದೇನೂ ಹೊಸದಲ್ಲ. ಟಾಪ್, ಬಾಟಮ್, ದುಪಟ್ಟಾಗಳನ್ನು ಒಟ್ಟಿಗೆ ಮಡಿಸಿಟ್ಟು ಮಾರುವ ಚೂಡಿದಾರ್ ಸೆಟ್ ಇದರ ಅಕ್ಕನೇ ಸರಿ. ಸೀರೆಗೆ ಬೇಕಾದ ರವಿಕೆ, ಲಂಗ, ಫಾಲ್‌ಗಳ ಓಡಾಟವನ್ನು ಆಗಲೇ ಅದು ತಪ್ಪಿಸಿತ್ತು.

ಆದರೆ ಸೆಟ್‌ಗಳನ್ನು ಹೆಚ್ಚಾಗಿ ಒಂದೇ ಸೈಜಿನಲ್ಲಿ ಮಾರುತ್ತಾರೆ. ಮೇಲೆ ಮೀಡಿಯಂ, ಕೆಳಗೆ ಲಾರ್ಜ್ ಬೇಕಾದವರು ದೊಡ್ಡದನ್ನೇ ಕೊಂಡು ಅಂಗಿಯ ಪಕ್ಕ ಹಿಡಿಸಿಕೊಳ್ಳುವುದು ಮೇಲು. ಎರಡನ್ನೂ ಒಟ್ಟಿಗೇ ಒಗೆಯಬೇಕು. ಅಂಗಿಯೊಂದನ್ನೇ ಜೀನ್ಸ್ ಮೇಲೆ ಪದೇ ಪದೇ ತೊಟ್ಟು ಒಗೆದರೆ ಅದು ಮಾಸಿ, ಕೆಲವೇ ತಿಂಗಳಲ್ಲಿ ಪ್ಯಾಂಟಿನ ಬಣ್ಣವೇ ಬೇರೆಯಾಗಿ ಕಾಣುತ್ತದೆ.